ಗೀಚಿದ ಟಿಪ್ಪಣಿ ರಿವ್ಯೂ ರಿಪೋರ್ಟ್ ಆಗೋದು ಹೇಗೆ?

ಪ್ರಶ್ನೆ: ಮೇಡಂ, ಹೋದ ವರ್ಷ ಬೇಸಾಯಶಾಸ್ತ್ರದಲ್ಲಿ ಪಿಎಚ್‌ಡಿ ಮುಗೀತು. ಮೊದಲ ಸಲ ಒಂದು ಜರ್ನಲ್‌ನಿಂದ ರಿವ್ಯೂ ಮಾಡಿಕೊಡಿ ಅಂತ ಪೇಪರ್ ಬಂದಿದೆ. ಎರಡು ಸಲ ಓದಿ ನಾಲ್ಕು ಪುಟ ಟಿಪ್ಪಣಿ ಮಾಡಿಕೊಂಡಿದ್ದೇನೆ. ಎಲ್ಲಾ ಕಲಸುಮೇಲೋಗರ. ಸಮ್ಮರಿ, ಮೇಜರ್, ಮೈನರ್ ಅಂತ ಭಾಗ ಮಾಡಿ ಬರೀಬೇಕಂತೆ. ಯಾವುದು ಮೇಜರ್, ಯಾವುದು ಮೈನರ್ ಅಂತ ತಿಳಿಯೋದು ಹೇಗೆ? ಗೈಡ್ ಕೇಳಿದ್ರೆ, "ನಾಲ್ಕು ಮೇಜರ್, ಹತ್ತು ಮೈನರ್ ಹಾಕಿ, ನಮ್ಮ ಎರಡು ಪೇಪರ್ ಸೈಟ್ ಮಾಡೋಕೆ ಹೇಳಿ ಕಳಿಸು" ಅಂದ್ರು.

ಉತ್ತರ: ನಾಲ್ಕು, ಹತ್ತು ಅನ್ನೋ ಲೆಕ್ಕವನ್ನು ಮೊದಲು ಮರೆತುಬಿಡಿ. ಒಂದೇ ಒಂದು ಮೇಜರ್ ಇರುವ ಒಳ್ಳೆಯ ರಿಪೋರ್ಟ್‌ಗಳನ್ನು ನೋಡಿದ್ದೇನೆ. ಸೈಟೇಷನ್ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನನ್ನ ಮೊದಲ ರಿವ್ಯೂ ಕಥೆ ಹೇಳಿಬಿಡ್ತೀನಿ. ಓದಿದ ಕ್ರಮದಲ್ಲೇ 43 ಅಂಶ ನಂಬರ್ ಹಾಕಿ ಕಳಿಸಿದ್ದೆ. ಭಾರಿ ಶ್ರದ್ಧೆಯಿಂದ ಮಾಡಿದ್ದೀನಿ ಅಂತ ಹೆಮ್ಮೆ ಬೇರೆ. ಪೇಪರ್ ತಿದ್ದಿಕೊಂಡು ವಾಪಸ್ ಬಂತು. ಲೇಖಕರು 41ಕ್ಕೆ "ಸರಿಪಡಿಸಿದ್ದೇವೆ, ಧನ್ಯವಾದ" ಅಂತ ಬರೆದಿದ್ದರು. ಉಳಿದ ಎರಡಕ್ಕೆ ಏನೋ ಒಂದು ಸಾಲಿನ ಸಮಜಾಯಿಷಿ. ಆ ಎರಡೇ ಪೇಪರಿನ ಬುಡಕ್ಕೆ ಸಂಬಂಧಿಸಿದ್ದವು. 17ನೇದು ಮತ್ತು 29ನೇದು, ಸ್ಪೆಲ್ಲಿಂಗ್ ತಪ್ಪುಗಳ ಮಧ್ಯೆ ಕೂತಿದ್ದವು. ಎಡಿಟರ್ 41 ನೋಡಿ ಸಮಾಧಾನಪಟ್ಟು ಪ್ರಕಟಿಸಿದರು. ತಪ್ಪು ಎಡಿಟರ್‌ದಲ್ಲ, ನನ್ನದು. ಯಾವುದು ಮುಖ್ಯ ಅಂತ ನಾನು ಎಲ್ಲೂ ಹೇಳಿರಲೇ ಇಲ್ಲ.

ನಿಮಗೆ ಬಂದ ಪೇಪರ್ ಏನು ಅಂತ ನನಗೆ ಹೇಳಬೇಡಿ, ಅದು ಗುಟ್ಟಾಗೇ ಇರಬೇಕು. ನಾನು ರಿವ್ಯೂ ಮಾಡಿದ ಪೇಪರ್‌ಗಳನ್ನೂ ಇಲ್ಲಿ ತೋರಿಸುವಂತಿಲ್ಲ. ಅದಕ್ಕೆ ನಮ್ಮ ಕಡೆ ಪದೇ ಪದೇ ಬರೋ ತರಹದ ಒಂದು ಪೇಪರನ್ನು ನಾನೇ ಕಟ್ಟಿ ಹೇಳ್ತೀನಿ. ಮಳೆಯಾಶ್ರಿತ ರಾಗಿಗೆ ಸತುವಿನ ಸಲ್ಫೇಟ್ ಸಿಂಪಡಣೆ. ಸಿಂಪಡಿಸದೆ ಬಿಟ್ಟದ್ದು, 0.25%, 0.5%, 1% ಅಂತ ನಾಲ್ಕು ಟ್ರೀಟ್‌ಮೆಂಟ್. ಮೂರು ಬ್ಲಾಕ್. ಅಂದ್ರೆ ಒಟ್ಟು 12 ತಾಕು. ಒಂದೇ ಮುಂಗಾರು, ಒಂದೇ ಹೊಲ. 0.5% ಎರಡು ಸಲ ಸಿಂಪಡಿಸಿದರೆ ಇಳುವರಿ 18% ಹೆಚ್ಚುತ್ತದೆ, ಖರ್ಚು ಕಳೆದು ಒಳ್ಳೆ ಲಾಭವೂ ಉಂಟು, ಒಣಭೂಮಿ ರೈತರಿಗೆ ಇದನ್ನು ಶಿಫಾರಸು ಮಾಡಬಹುದು ಅನ್ನುವುದು ಪೇಪರಿನ ಮಾತು.

ಇದನ್ನು ಓದುವಾಗ ಬರೆದ ಟಿಪ್ಪಣಿ ಹೀಗಿರುತ್ತೆ ಅಂದುಕೊಳ್ಳಿ:

> ಪು. 2 – ಸಾರಾಂಶದಲ್ಲಿ ಜಿಪಿಯು-28, ಪು. 5ರಲ್ಲಿ ಎಂಎಲ್-365. ಯಾವ ತಳಿ?
> ಪು. 5 – ಮಣ್ಣಿನ ಸತು ಎಷ್ಟಿತ್ತು? ಕೊಟ್ಟಿಲ್ಲ!
> ಪು. 5 – ಕಂಟ್ರೋಲ್‌ಗೆ ನೀರು ಸಿಂಪಡಿಸಿಲ್ಲ. ಮೇಜರ್??
> ಪು. 6 – ದ್ರಾವಣಕ್ಕೆ ಸುಣ್ಣ ಬೆರೆಸಿದ್ರಾ?
> ಪು. 6 – ತಾಕಿಗೆ 5 ಗಿಡ. n = 15 ಅಂತಾರೆ. ಹೇಗೆ?
> ಪು. 8 – F(3, 56). 56 ಎಲ್ಲಿಂದ ಬಂತು
> ಚಿತ್ರ 2 – ಎರರ್ ಬಾರ್ ಕಾಣೋದೇ ಇಲ್ಲ, ಇಷ್ಟು ಚಿಕ್ಕದಾ?
> ಟೇಬಲ್ 3 – ಎಲ್ಲಾದಕ್ಕೂ ನಕ್ಷತ್ರ. ಅನುಮಾನ
> ಟೇಬಲ್ 4 – ಕಂಟ್ರೋಲ್‌ಗೇ ಹೆಕ್ಟೇರಿಗೆ 30 ಕ್ವಿಂಟಾಲ್? ಈ ಮಳೆಗೆ?
> ಪು. 11 – "ಒಣಭೂಮಿ ರೈತರಿಗೆಲ್ಲಾ" – ಜಾಸ್ತಿಯಾಯ್ತು
> ಪು. 11 – ಒಂದೇ ವರ್ಷ
> ಇಂಗ್ಲಿಷ್ ತುಂಬಾ ಕಡೆ ಎಡವಟ್ಟು

ಈ ಚೀಟಿಯಿಂದ ನೇರವಾಗಿ ಮೇಜರ್, ಮೈನರ್ ಅಂತ ಗುರುತು ಹಾಕಲು ಹೋಗಬೇಡಿ. ಎಲ್ಲರೂ ಎಡವೋದು ಇಲ್ಲೇ. ಚೀಟಿಯನ್ನು ಪಕ್ಕಕ್ಕಿಟ್ಟು ಮೊದಲು ಸಮ್ಮರಿ ಬರೆಯಿರಿ, ಪೇಪರ್ ನೋಡದೆ. ನೆನಪಿನಿಂದ ಐದಾರು ಸಾಲು. ಏನು ಕೇಳಿಕೊಂಡರು, ಏನು ಮಾಡಿದರು, ಏನು ಸಿಕ್ಕಿತು ಅಂತಾರೆ, ಅದರಿಂದ ಏನು ಹೇಳುತ್ತಾರೆ. ಬರೆಯೋಕೆ ಆಗದೆ ತಡವರಿಸಿದರೆ ಇನ್ನೊಮ್ಮೆ ಓದಬೇಕು ಅಂತ ಅರ್ಥ. ಎರಡು ಸಲ ಓದಿಯೂ ಪೇಪರಿನ ಮುಖ್ಯ ಮಾತು ಏನು ಅಂತ ಹೇಳಲಾಗದಿದ್ದರೆ, ಅದೇ ಲೇಖಕರಿಗೆ ಹೇಳಬೇಕಾದ ದೊಡ್ಡ ತೊಂದರೆಯೂ ಇರಬಹುದು.

ಅಬ್‌ಸ್ಟ್ರಾಕ್ಟನ್ನು ಅತ್ತಿತ್ತ ತಿರುಗಿಸಿ ಬರೆದರೆ ಅದು ಸಮ್ಮರಿ ಆಗೋದಿಲ್ಲ. ಎಡಿಟರ್ ಹತ್ತಿರ ಅಬ್‌ಸ್ಟ್ರಾಕ್ಟ್ ಇದ್ದೇ ಇದೆ. ಅವರಿಗೆ ಬೇಕಾಗಿರೋದು ನೀವು ಪೇಪರನ್ನು ಹೇಗೆ ಅರ್ಥ ಮಾಡಿಕೊಂಡಿರಿ ಅನ್ನೋದು. ರಾಗಿ ಪೇಪರಿಗೆ ನಾನು ಬರೆಯೋದು ಹೀಗೆ. (ನಿಜವಾದ ರಿಪೋರ್ಟ್ ಇಂಗ್ಲಿಷಿನಲ್ಲಿರುತ್ತೆ. ಮೈಕಟ್ಟು ಕಾಣಲಿ ಅಂತ ಇಲ್ಲಿ ಕನ್ನಡದಲ್ಲೇ ಕೊಡ್ತೀನಿ.)

> ಮಳೆಯಾಶ್ರಿತ ರಾಗಿಗೆ ಸತುವಿನ ಸಲ್ಫೇಟನ್ನು ಎಲೆಗಳ ಮೇಲೆ ಸಿಂಪಡಿಸಿದರೆ ಇಳುವರಿ ಹೆಚ್ಚುತ್ತದೆಯೇ ಎಂದು ಲೇಖಕರು ಪರೀಕ್ಷಿಸಿದ್ದಾರೆ. ನಾಲ್ಕು ಟ್ರೀಟ್‌ಮೆಂಟ್‌ಗಳನ್ನು ಮೂರು ಬ್ಲಾಕ್‌ಗಳಲ್ಲಿ, ಒಂದು ಹಂಗಾಮಿನಲ್ಲಿ ಹೋಲಿಸಿದ್ದಾರೆ. ಪ್ರತಿ ತಾಕಿನಿಂದ ಐದು ಗಿಡಗಳ ಅಳತೆ ತೆಗೆದುಕೊಂಡಿದ್ದಾರೆ. 0.5% ಸಿಂಪಡಣೆಯಿಂದ ಇಳುವರಿ 18% ಹೆಚ್ಚಿದೆ ಎನ್ನುತ್ತಾರೆ ಮತ್ತು ಒಣಭೂಮಿಗೆ ಶಿಫಾರಸು ಮಾಡುತ್ತಾರೆ. ಬೇರೆ ಬೇರೆ ಪ್ರಮಾಣಗಳನ್ನು ಒಂದೇ ಪ್ರಯೋಗದಲ್ಲಿ ಹೋಲಿಸಿರುವುದು ಉಪಯುಕ್ತ. ಆದರೆ ಈಗಿನ ವಿಶ್ಲೇಷಣೆ ಇಳುವರಿಯ ಮಾತನ್ನು ಹೊರುವಷ್ಟು ಗಟ್ಟಿಯಿಲ್ಲ. ಹೆಕ್ಟೇರ್ ಲೆಕ್ಕದಲ್ಲೂ ಗೊಂದಲವಿದೆ. ಶಿಫಾರಸು, ಪ್ರಯೋಗ ನಡೆದ ಹೊಲಕ್ಕಿಂತ ಬಹಳ ದೂರ ಹೋಗಿದೆ.

ಕೊನೆಯ ಮೂರು ವಾಕ್ಯಗಳನ್ನು ಮೊದಲ ದಿನವೇ ಬರೆಯೋಕೆ ಆಗೋದಿಲ್ಲ. ಮೇಜರ್ ಬರೆದು ಮುಗಿಸಿದ ಮೇಲೆ ವಾಪಸ್ ಬಂದು ಸೇರಿಸೋದು. ಬರೀ ಸಮ್ಮರಿ ಓದಿದ ಎಡಿಟರ್‌ಗೂ ಮುಂದೇನಿದೆ ಅಂತ ಗೊತ್ತಾಗಬೇಕು. ಹೊಗಳಿಕೆ ಒಂದು ವಾಕ್ಯ ಸಾಕು, ಆದರೆ ಇಂಥದ್ದು ಅಂತ ಬೆರಳಿಟ್ಟು ತೋರಿಸುವಂತಿರಬೇಕು. "ವಿಷಯ ಆಸಕ್ತಿದಾಯಕವಾಗಿದೆ" ಅನ್ನೋದು ಯಾರ ಪೇಪರಿಗಾದ್ರೂ ಹೊಂದುತ್ತೆ.

ಸಮ್ಮರಿ ಬರೆದ ಮೇಲೆ ಪೇಪರಿನ ಮೂಲ ಮಾತುಗಳು ಕೈಗೆ ಸಿಕ್ಕಿರುತ್ತವೆ. ಇಲ್ಲಿ ಮೂರಿವೆ: ಇಳುವರಿ ಹೆಚ್ಚಿತು, ಲಾಭ ಇದೆ, ಒಣಭೂಮಿಗೆಲ್ಲಾ ಹೊಂದುತ್ತೆ. ಈಗ ಚೀಟಿ ತೆಗೆಯಿರಿ. ಪ್ರತಿ ಟಿಪ್ಪಣಿಗೂ ಒಂದೇ ಪ್ರಶ್ನೆ ಕೇಳಿ: ಇದು ನಿಜವಾಗಿದ್ದರೆ ಆ ಮೂರರಲ್ಲಿ ಯಾವುದಾದರೂ ಅಲ್ಲಾಡುತ್ತಾ? ಅಲ್ಲಾಡಿದರೆ ಮೇಜರ್. ಇಲ್ಲದಿದ್ದರೆ ಮೈನರ್, ಅಥವಾ ಕಸದ ಬುಟ್ಟಿಗೆ. ಸರಿಪಡಿಸೋಕೆ ಎಷ್ಟು ಕಷ್ಟ ಅನ್ನೋದನ್ನು ಇಲ್ಲಿ ತರಬೇಡಿ. ಒಂದು ಸಂಖ್ಯೆ ಬದಲಿಸಿದರೆ ಮುಗಿಯಿತು ಅನ್ನೋ ವಿಷಯವೂ ಮೇಜರ್ ಆಗಬಹುದು. ಇಡೀ ಪೀಠಿಕೆಯನ್ನು ಮತ್ತೆ ಬರೆಯಬೇಕು ಅನ್ನೋದು ಮೈನರ್ ಆಗಿರಬಹುದು.

ಟಿಪ್ಪಣಿಗಳನ್ನು ಹೀಗೆ ಹಂಚುವಾಗ ಇನ್ನೊಂದು ಸಂಗತಿ ಕಾಣುತ್ತೆ. ಚೀಟಿಯಲ್ಲಿ ಬೇರೆ ಬೇರೆ ಕಡೆ ಇರುವ ನಾಲ್ಕು ಟಿಪ್ಪಣಿ ನೋಡಿ: n = 15 ಹೇಗೆ, 56 ಎಲ್ಲಿಂದ, ಎರರ್ ಬಾರ್ ಚಿಕ್ಕದು, ಎಲ್ಲಾದಕ್ಕೂ ನಕ್ಷತ್ರ. ಇವು ನಾಲ್ಕು ತೊಂದರೆಯಲ್ಲ, ಒಂದೇ. ಜ್ವರ, ಮೈಕೈ ನೋವು, ನಡುಕ ಅಂತ ಬೇರೆ ಬೇರೆ ಬರೆದುಕೊಂಡಿದ್ದೀರಿ, ಕಾಯಿಲೆ ಒಂದೇ.

ಕಾಯಿಲೆ ಇದು. ಟ್ರೀಟ್‌ಮೆಂಟ್ ಕೊಟ್ಟದ್ದು ತಾಕಿಗೆ, ಗಿಡಕ್ಕಲ್ಲ. ಒಂದು ತಾಕಿನ ಐದು ಗಿಡಗಳು ಒಂದೇ ಮಣ್ಣು, ಒಂದೇ ತೇವ, ಒಂದೇ ಸಿಂಪಡಣೆ ಕಂಡವು. ಅವು ಒಂದರಂತೆ ಒಂದು ಇರೋದು ಸಹಜ. ಆದ್ದರಿಂದ ಪ್ರತಿ ಟ್ರೀಟ್‌ಮೆಂಟಿಗೆ ರೆಪ್ಲಿಕೇಷನ್ ಮೂರು, ಹದಿನೈದಲ್ಲ. ನಾಲ್ಕು ಟ್ರೀಟ್‌ಮೆಂಟ್, ಮೂರು ಬ್ಲಾಕ್ ಇದ್ದಾಗ ಎರರ್‌ಗೆ ಉಳಿಯೋ ಡಿಗ್ರಿ ಆಫ್ ಫ್ರೀಡಂ (4 – 1) × (3 – 1) = 6. ಇವರು ಬ್ಲಾಕ್ ಮರೆತು, 60 ಗಿಡಗಳನ್ನೂ ಬಿಡಿಬಿಡಿಯಾಗಿ ಎಣಿಸಿ, 60 – 4 = 56 ಮಾಡಿದ್ದಾರೆ. 6 ಇದ್ದಾಗ 5% ಮಟ್ಟ ದಾಟಲು F ಬೆಲೆ 4.76 ಆದರೂ ಇರಬೇಕು. 56 ಇದ್ದಾಗ 2.8ರ ಹತ್ತಿರ ಇದ್ದರೆ ಸಾಕು. ಎಲ್ಲಾ ಕಡೆ ನಕ್ಷತ್ರ ಮಿನುಗೋಕೆ, ಎರರ್ ಬಾರ್ ಕಾಣದಷ್ಟು ಚಿಕ್ಕದಾಗೋಕೆ ಕಾರಣ ಇದೇ. ಇದಕ್ಕೆ ಸ್ಯೂಡೋರೆಪ್ಲಿಕೇಷನ್ ಅಂತ ಹೆಸರು. ಹರ್ಲ್‌ಬರ್ಟ್ 1984ರಲ್ಲಿ ಇದರ ಬಗ್ಗೆ ದೊಡ್ಡ ಲೇಖನ ಬರೆದರು. ನಾಲ್ಕು ದಶಕ ಆಯ್ತು, ಇವತ್ತಿಗೂ ವಾರ ಬಿಟ್ಟು ವಾರ ಕಣ್ಣಿಗೆ ಬೀಳುತ್ತೆ.

ಈ ನಾಲ್ಕನ್ನು ನಾಲ್ಕು ಅಂಶ ಮಾಡಿ ಬರೆದಿದ್ದರೆ ಏನಾಗುತ್ತಿತ್ತು? ಲೇಖಕರು ಚಿತ್ರ 2ರ ಎರರ್ ಬಾರನ್ನು ದಪ್ಪ ಗೆರೆಯಲ್ಲಿ ಎಳೆದು, "ಈಗ ಸ್ಪಷ್ಟವಾಗಿ ಕಾಣುತ್ತದೆ" ಅಂತ ಉತ್ತರ ಕೊಡುತ್ತಿದ್ದರು. ತಮಾಷೆ ಅಲ್ಲ, ಅಂಥ ಉತ್ತರ ನನಗೇ ಬಂದಿದೆ. ಒಂದೇ ಮೇಜರ್ ಮಾಡಿದರೆ ತಪ್ಪಿಸಿಕೊಳ್ಳೋಕೆ ದಾರಿ ಇರೋದಿಲ್ಲ:

> 1. ರೆಪ್ಲಿಕೇಷನ್ ಎಣಿಕೆ. ಸಿಂಪಡಣೆಯನ್ನು ತಾಕುಗಳಿಗೆ ಕೊಡಲಾಗಿದೆ (ಪು. 5, ಸಾಲು 112). ಆದರೆ ವಿಶ್ಲೇಷಣೆಯಲ್ಲಿ ಪ್ರತಿ ಗಿಡವನ್ನೂ ಸ್ವತಂತ್ರ ರೆಪ್ಲಿಕೇಷನ್ ಎಂದು ತೆಗೆದುಕೊಂಡಂತಿದೆ: n = 15 (ಪು. 6), F(3, 56) (ಪು. 8). ಒಂದೇ ತಾಕಿನ ಗಿಡಗಳು ಸ್ವತಂತ್ರವಲ್ಲ. ಮೂರು ಬ್ಲಾಕ್‌ಗಳ ಈ ವಿನ್ಯಾಸದಲ್ಲಿ ಎರರ್ ಡಿಗ್ರಿ ಆಫ್ ಫ್ರೀಡಂ 6 ಇರಬೇಕು. ಈಗಿನ ಲೆಕ್ಕ ವ್ಯತ್ಯಾಸಗಳನ್ನು ಇರುವುದಕ್ಕಿಂತ ಖಚಿತವಾಗಿ ತೋರಿಸುತ್ತದೆ. ಟೇಬಲ್ 3 ಮತ್ತು ಚಿತ್ರ 2 ಎರಡೂ ಇದರ ಮೇಲೆ ನಿಂತಿವೆ. ತಾಕಿನ ಸರಾಸರಿಗಳನ್ನು ಬಳಸಿ, ಬ್ಲಾಕನ್ನು ಸೇರಿಸಿ ಮತ್ತೆ ವಿಶ್ಲೇಷಿಸಬೇಕು. ಅಥವಾ ತಾಕನ್ನು ರ್‍ಯಾಂಡಮ್ ಅಂಶವಾಗಿಟ್ಟು ಮಿಕ್ಸೆಡ್ ಮಾಡೆಲ್ ಬಳಸಬಹುದು. ಟೇಬಲ್ 4ರ ಇಳುವರಿಗೆ ಸರಾಸರಿ ಮಾತ್ರ ಇದೆ. ಅದಕ್ಕೂ ಇದೇ ಪರೀಕ್ಷೆ ಬೇಕು. ಮರುವಿಶ್ಲೇಷಣೆಯ ನಂತರ ವ್ಯತ್ಯಾಸ ಉಳಿಯದಿದ್ದರೆ ತೀರ್ಮಾನವನ್ನು ಅದಕ್ಕೆ ತಕ್ಕಂತೆ ಬದಲಿಸಬೇಕು.

ಇದರೊಳಗೆ ನಾಲ್ಕು ಕೆಲಸ ಆಗಿದೆ. ಎಲ್ಲಿ ಇದೆ, ಏನು ಕಂಡೆ, ಅದರಿಂದ ಯಾವ ಮಾತು ಅಲ್ಲಾಡುತ್ತೆ, ಏನು ಮಾಡಿದರೆ ನನಗೆ ಒಪ್ಪಿಗೆ. ನಾಲ್ಕನೆಯದನ್ನು ಹೊಸಬರು ಬಿಟ್ಟುಬಿಡುತ್ತಾರೆ. "ಅಂಕಿಅಂಶ ವಿಶ್ಲೇಷಣೆ ಸರಿಯಿಲ್ಲ" ಅಂತ ನಿಲ್ಲಿಸುತ್ತಾರೆ. ಅದನ್ನು ಓದಿದ ಲೇಖಕರಿಗೆ ಏನು ಮಾಡಬೇಕೋ ತೋಚುವುದಿಲ್ಲ. "ತೆಗೆದುಕೊಂಡಂತಿದೆ" ಅಂತ ಬರೆದಿರೋದನ್ನೂ ಗಮನಿಸಿ. ಅವರು ಸರಿಯಾಗಿ ಮಾಡಿ ಬರೆಯುವಾಗ ಎಡವಿರಬಹುದು. ನಾನು ನೋಡಿದ್ದು ಪುಟದ ಮೇಲಿರೋದನ್ನು, ಅವರ ಕಂಪ್ಯೂಟರನ್ನಲ್ಲ. ಹಾಗೇ ಮಾತೆಲ್ಲಾ ಪೇಪರಿನ ಬಗ್ಗೆ ಇದೆ. "ಲೇಖಕರಿಗೆ ಮೂಲ ಸಂಖ್ಯಾಶಾಸ್ತ್ರವೂ ಗೊತ್ತಿಲ್ಲ" ಅನ್ನೋ ಸಾಲು ಚೀಟಿಯಲ್ಲಿ ಇದ್ದರೆ ಇರಲಿ ಬಿಡಿ, ಮನಸ್ಸು ಹಗುರಾಗುತ್ತೆ. ರಿಪೋರ್ಟಿಗೆ ಬರಬಾರದು.

ಎರಡನೇ ಮೇಜರ್ ಹುಟ್ಟಿದ್ದು "ಕಂಟ್ರೋಲ್‌ಗೇ 30 ಕ್ವಿಂಟಾಲ್?" ಅನ್ನೋ ಬರೀ ಅನುಮಾನದಿಂದ. ಅನುಮಾನವನ್ನು ಹಾಗೇ ಬರೆದರೆ ಪ್ರಯೋಜನವಿಲ್ಲ. "ಇಳುವರಿ ಜಾಸ್ತಿ ಅನಿಸುತ್ತದೆ" ಅಂದ್ರೆ ಅವರು "ಆ ವರ್ಷ ಮಳೆ ಚೆನ್ನಾಗಿತ್ತು" ಅಂತಾರೆ, ಮಾತು ಮುಗೀತು. ಹಾಗಾಗಿ ಪೆನ್ಸಿಲ್ ತಗೊಂಡು ಕೂತೆ ಅಂದುಕೊಳ್ಳಿ. ತಾಕು 5 ಮೀಟರ್ ಉದ್ದ, 4 ಮೀಟರ್ ಅಗಲ ಅಂತ ಪುಟ 5ರಲ್ಲಿದೆ. ಅಂದ್ರೆ 20 ಚದರ ಮೀಟರ್. ಸುತ್ತ ಅರ್ಧ ಮೀಟರ್ ಅಂಚು ಬಿಟ್ಟರೆ ಒಳಗಿನ ನೆಟ್ ತಾಕು 4 × 3, ಅಂದ್ರೆ 12 ಚದರ ಮೀಟರ್. ಅಂಚಿನ ಗಿಡಗಳಿಗೆ ಬೆಳಕು, ಜಾಗ ಜಾಸ್ತಿ ಸಿಗೋದ್ರಿಂದ ಅವನ್ನು ಬಿಟ್ಟು ಒಳಗಿನದ್ದನ್ನು ಮಾತ್ರ ಕೊಯ್ದು ತೂಗೋದು ನಮ್ಮ ರೂಢಿ. ಆದರೆ ಪುಟ 7ರಲ್ಲಿ "ಇಡೀ ತಾಕನ್ನು ಕೊಯ್ಲು ಮಾಡಿ ಒಕ್ಕಲಾಯಿತು" ಅಂತಿದೆ. ಟೇಬಲ್ 4ರಲ್ಲಿ ಕಂಟ್ರೋಲ್ ತಾಕಿನ ಕಾಳು 3.6 ಕೆ.ಜಿ.

3.6 ಕೆ.ಜಿ.ಯನ್ನು 12 ಚದರ ಮೀಟರಿಗೆ ಹಂಚಿದರೆ ಹೆಕ್ಟೇರಿಗೆ 30 ಕ್ವಿಂಟಾಲ್, ಟೇಬಲಿನಲ್ಲಿ ಇರೋದೇ. ಇಡೀ ತಾಕು ಕೊಯ್ದಿದ್ದು ನಿಜವಾದರೆ 20ರಿಂದ ಭಾಗಿಸಬೇಕು. ಆಗ ಬರೋದು 18 ಕ್ವಿಂಟಾಲ್. 0.5% ತಾಕಿಗೂ ಹೀಗೇ: 4.25 ಕೆ.ಜಿ. ಅಂದ್ರೆ ಅವರ ಲೆಕ್ಕದಲ್ಲಿ 35.4 ಕ್ವಿಂಟಾಲ್, ಇನ್ನೊಂದರಲ್ಲಿ 21.25.

ಈಗ ಇದರಿಂದ ಯಾವ ಮಾತು ಅಲ್ಲಾಡುತ್ತೆ? ಇಳುವರಿ 18% ಹೆಚ್ಚಿತು ಅನ್ನೋ ಮಾತಿಗೆ ಏನೂ ಆಗೋದಿಲ್ಲ, ಏಕೆಂದರೆ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ. ಲಾಭದ ಮಾತು ಮಾತ್ರ ಅಲ್ಲಾಡುತ್ತೆ. ಹೆಚ್ಚುವರಿ ಇಳುವರಿ 5.4 ಕ್ವಿಂಟಾಲ್ ಇದ್ದದ್ದು 3.25ಕ್ಕೆ ಬರುತ್ತೆ. ಸತುವಿನ ಸಲ್ಫೇಟಿನ ಬೆಲೆ, ಸಿಂಪಡಿಸಿದ ಆಳಿನ ಕೂಲಿ ಇಳಿಯೋದಿಲ್ಲವಲ್ಲ. ಹಾಗಾಗಿ ರಿಪೋರ್ಟಿನಲ್ಲಿ ಇಷ್ಟನ್ನು ಬಿಡಿಸಿಯೇ ಹೇಳಬೇಕು: ಶೇಕಡಾವಾರು ಹೋಲಿಕೆ ಬದಲಾಗುವುದಿಲ್ಲ, ಆದರೆ ಟೇಬಲ್ 4ರ ಹೆಕ್ಟೇರ್ ಇಳುವರಿ ಮತ್ತು ಟೇಬಲ್ 5ರ ಲಾಭ-ವೆಚ್ಚ ಬದಲಾಗಬಹುದು. ಕೊಯ್ದ ಜಾಗ ಎಷ್ಟು ಅಂತ ಸ್ಪಷ್ಟಪಡಿಸಿ. ತೊಂದರೆ ಎಷ್ಟು ದೂರ ಹೋಗುತ್ತೆ ಅನ್ನೋದರ ಜೊತೆ ಎಲ್ಲಿ ನಿಲ್ಲುತ್ತೆ ಅಂತಲೂ ಹೇಳಿದರೆ ಎಡಿಟರ್ ನಿಮ್ಮ ಉಳಿದ ಮಾತುಗಳನ್ನೂ ನಂಬುತ್ತಾರೆ. ನೆಟ್ ತಾಕನ್ನೇ ಕೊಯ್ದು "ಇಡೀ ತಾಕು" ಅಂತ ಬಾಯಿತಪ್ಪಿ ಬರೆದಿದ್ದರೆ ಒಂದು ಪದದಲ್ಲಿ ಮುಗಿಯುವ ವಿಷಯ ಇದು. ಆದರೂ ಮೇಜರ್‌ನಲ್ಲೇ ಇರಲಿ.

ಮೂರನೆಯದಕ್ಕೆ ಮತ್ತೆ ಮೂರು ಟಿಪ್ಪಣಿ ಸೇರುತ್ತವೆ: ಮಣ್ಣಿನ ಸತು ಕೊಟ್ಟಿಲ್ಲ, ಒಂದೇ ವರ್ಷ, "ರೈತರಿಗೆಲ್ಲಾ". ಮೂರೂ ಶಿಫಾರಸು ಎಷ್ಟು ದೂರ ಹೋಗಬಹುದು ಅನ್ನೋದರ ಬಗ್ಗೆ. ಡಿಟಿಪಿಎ ಪರೀಕ್ಷೆಯಲ್ಲಿ ಮಣ್ಣಿನ ಸತು 0.6 ಪಿಪಿಎಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಅಂತೀವಿ. ಆ ಹೊಲದಲ್ಲಿ 0.3 ಇತ್ತು ಅಂದ್ರೆ ಸಿಂಪಡಣೆ ಫಲ ಕೊಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ, ಆದರೆ 1.2 ಇರುವ ಹೊಲದ ರೈತರಿಗೆ ಅದನ್ನೇ ಹೇಳೋಕೆ ಬರೋದಿಲ್ಲ. ಇಲ್ಲಿ ಪರಿಹಾರ ಕೇಳುವಾಗ ಸ್ವಲ್ಪ ಯೋಚಿಸಿ. "ಇನ್ನೊಂದು ಹಂಗಾಮು ಪ್ರಯೋಗ ಮಾಡಿ ಬನ್ನಿ" ಅಂತ ಬರೆಯೋದು ಸುಲಭ. ಅದು ಒಂದು ವರ್ಷದ ಕೆಲಸ. ಪ್ರಾಜೆಕ್ಟ್ ಮುಗಿದು ಪ್ರಯೋಗ ಮಾಡಿದ ಹುಡುಗ ಬೇರೆ ಊರಿಗೆ ಹೋಗಿರಬಹುದು. ಆದ್ದರಿಂದ ನಾನು ಎರಡು ದಾರಿ ಕೊಡ್ತೀನಿ: ಎರಡನೇ ಹಂಗಾಮಿನ ಅಂಕಿ ಇದ್ದರೆ ಸೇರಿಸಿ, ಇಲ್ಲದಿದ್ದರೆ ಶೀರ್ಷಿಕೆ ಮತ್ತು ತೀರ್ಮಾನವನ್ನು ಒಂದು ಹಂಗಾಮಿಗೆ, ಇಂತಿಷ್ಟು ಸತು ಇರುವ ಮಣ್ಣಿಗೆ ಸೀಮಿತ ಮಾಡಿ. ಕೆಲವು ಜರ್ನಲ್‌ಗಳು ಒಂದೇ ಹಂಗಾಮಿನ ಹೊಲದ ಪ್ರಯೋಗವನ್ನು ತಗೊಳ್ಳೋದೇ ಇಲ್ಲ. ಅದು ಜರ್ನಲ್‌ನ ನಿಯಮ, ಎಡಿಟರ್ ನೋಡಿಕೊಳ್ಳುತ್ತಾರೆ.

ಮೇಜರ್‌ಗಳನ್ನು ಪುಟದ ಕ್ರಮದಲ್ಲಿ ಜೋಡಿಸಬೇಡಿ. ಪೇಪರನ್ನು ಜಾಸ್ತಿ ಅಲ್ಲಾಡಿಸುವುದು ಮೊದಲು. ಇಲ್ಲಿ ರೆಪ್ಲಿಕೇಷನ್ ವಿಷಯ ಬಿದ್ದರೆ ಉಳಿದ ಎರಡಕ್ಕೆ ಅರ್ಥವೇ ಇಲ್ಲ, ಅದಕ್ಕೆ ಅದು ಒಂದನೆಯದು. ಮೈನರ್‌ಗಳು ಮಾತ್ರ ಪುಟದ ಕ್ರಮದಲ್ಲಿರಲಿ. ಲೇಖಕರು ಫೈಲ್ ತೆರೆದುಕೊಂಡು ಮೇಲಿಂದ ಕೆಳಗೆ ತಿದ್ದಿಕೊಂಡು ಹೋಗುತ್ತಾರೆ.

ಚೀಟಿಯಲ್ಲಿ "ಮೇಜರ್??" ಅಂತ ಬರೆದ ಒಂದು ಟಿಪ್ಪಣಿ ಉಳಿದಿದೆ, ಕಂಟ್ರೋಲ್‌ಗೆ ನೀರು ಸಿಂಪಡಿಸಿಲ್ಲ ಅನ್ನೋದು. ಇದನ್ನು ನೋಡಿದ ಕೂಡಲೇ ಮೇಜರ್ ಅನಿಸುತ್ತೆ, ಏಕೆಂದರೆ ಪಾಠದಲ್ಲಿ ಹಾಗೇ ಹೇಳಿಕೊಟ್ಟಿರುತ್ತಾರೆ. ಸಿಂಪಡಿಸಿದ ತಾಕಿಗೆ ನೀರೂ ಸಿಕ್ಕಿತು, ಕಂಟ್ರೋಲ್‌ಗೆ ಸಿಗಲಿಲ್ಲ, ಮಳೆಯಾಶ್ರಿತ ಬೆಳೆ ಬೇರೆ. ಹೌದಲ್ವಾ? ಎಷ್ಟು ನೀರು ಅಂತ ಲೆಕ್ಕ ಹಾಕಿ. ಹೆಕ್ಟೇರಿಗೆ 500 ಲೀಟರ್ ದ್ರಾವಣ ಅಂತ ಅವರು ಹೇಳಿದ್ದಾರೆ. ಚದರ ಮೀಟರಿಗೆ 50 ಮಿ.ಲೀ. ಆಯ್ತು, ಒಂದು ಸಣ್ಣ ಲೋಟ ಕಾಫಿಗಿಂತ ಕಡಿಮೆ. ಮಳೆ ಲೆಕ್ಕದಲ್ಲಿ 0.05 ಮಿ.ಮೀ. ಎರಡು ಸಲ ಸೇರಿದರೂ 0.1. ಬೆಳಗಿನ ಇಬ್ಬನಿ ಇದಕ್ಕಿಂತ ಜಾಸ್ತಿ ಇರಬಹುದು. ಇಷ್ಟು ನೀರಿನಿಂದ 18% ಇಳುವರಿ ಬರೋಕೆ ಸಾಧ್ಯವಿಲ್ಲ. ನೀರು ಸಿಂಪಡಿಸಿದ ಕಂಟ್ರೋಲ್ ಇದ್ದಿದ್ದರೆ ಚೆನ್ನಾಗಿರುತ್ತಿತ್ತು, ಇಲ್ಲ ಅನ್ನೋದನ್ನು ಲೇಖಕರು ಒಂದು ಸಾಲಿನಲ್ಲಿ ಒಪ್ಪಿಕೊಳ್ಳಲಿ. ಮೈನರ್. ಇದನ್ನು ಒಪ್ಪದ ರಿವ್ಯೂವರ್‌ಗಳು ಇದ್ದಾರೆ, ಅವರ ಜೊತೆ ನಾನು ವಾದ ಮಾಡಿದ್ದೂ ಇದೆ. ನಿಯಮ ಮುರಿದಿದೆ ಅನ್ನೋದೊಂದೇ ಕಾರಣಕ್ಕೆ ಯಾವುದನ್ನೂ ಮೇಜರ್ ಮಾಡಬೇಡಿ.

ಉಳಿದ ಮೈನರ್‌ಗಳು ಹೀಗಿರುತ್ತವೆ:

> ಪು. 2 ಮತ್ತು 5: ತಳಿ ಜಿಪಿಯು-28 ಎಂದು ಒಂದು ಕಡೆ, ಎಂಎಲ್-365 ಎಂದು ಇನ್ನೊಂದು ಕಡೆ ಇದೆ. ಯಾವುದು ಸರಿ?
> ಪು. 6, ಸಾಲು 131: ದ್ರಾವಣಕ್ಕೆ ಸುಣ್ಣ ಬೆರೆಸಲಾಗಿತ್ತೇ? ಬೆರೆಸಿದ್ದರೆ ಪ್ರಮಾಣ ತಿಳಿಸಿ. 1% ತಾಕಿನಲ್ಲಿ ಎಲೆ ಸುಟ್ಟಂತೆ ಕಂಡಿತ್ತೇ?
> ಚಿತ್ರ 2: ಎರರ್ ಬಾರ್ ಏನನ್ನು ತೋರಿಸುತ್ತದೆ ಎಂದು ಚಿತ್ರದ ಕೆಳಗೆ ಬರೆಯಿರಿ.
> ಭಾಷೆಯನ್ನು ಒಮ್ಮೆ ಪೂರ್ತಿ ತಿದ್ದಿಸಿದರೆ ಒಳ್ಳೆಯದು. ಪು. 9ರ ಎರಡನೇ ಪ್ಯಾರಾದಲ್ಲಿ ಅರ್ಥವೇ ಸ್ಪಷ್ಟವಾಗುತ್ತಿಲ್ಲ.

ಭಾಷೆಗೆ ಅಷ್ಟೇ ಸಾಕು. ಸಾಲು ಸಾಲು ಇಂಗ್ಲಿಷ್ ತಿದ್ದುವುದು ನಿಮ್ಮ ಕೆಲಸವಲ್ಲ. ಅರ್ಥ ಕೆಟ್ಟಿರೋ ಜಾಗ ಮಾತ್ರ ತೋರಿಸಿ. ನಿಮ್ಮ ಚೀಟಿಯಲ್ಲಿ ಇನ್ನೂ ಹತ್ತು ಹದಿನೈದು ಉಳಿದಿರುತ್ತವೆ. ಅಲ್ಪವಿರಾಮ, "ನಾನಾಗಿದ್ದರೆ ಈ ಟೇಬಲನ್ನು ಗ್ರಾಫ್ ಮಾಡುತ್ತಿದ್ದೆ" ಅನ್ನೋ ತರಹದವು. ಧಾರಾಳವಾಗಿ ಎಸೆಯಿರಿ. ಬರೆದುಕೊಂಡಿದ್ದೀನಲ್ಲ ಅಂತ ಹಾಕಬೇಕಿಲ್ಲ.

ಇನ್ನು ನಿಮ್ಮ ಗೈಡ್ ಹೇಳಿದ ಸೈಟೇಷನ್. ಅವರ ಎರಡು ಪೇಪರ್‌ಗಳಲ್ಲಿ ಯಾವುದಾದರೂ ಇಲ್ಲದಿದ್ದರೆ ಈ ಪೇಪರಿನ ವಾದದಲ್ಲಿ ತೂತು ಉಳಿಯುತ್ತೆ ಅನ್ನುವಂತಿದ್ದರೆ, ಯಾಕೆ ಅಂತ ಕಾರಣ ಬರೆದು ಒಂದನ್ನು ಸೂಚಿಸಬಹುದು. ಅದು ನಿಮ್ಮ ಗುಂಪಿನದು ಅಂತ ಎಡಿಟರ್‌ಗೆ ತಿಳಿಸಿ. ಇಲ್ಲದಿದ್ದರೆ ಹಾಕಬೇಡಿ. ಒಂದೇ ಊರಿನ ಎರಡು ಪೇಪರ್ ಸೈಟ್ ಮಾಡಿ ಅಂದ ಕೂಡಲೇ ರಿವ್ಯೂವರ್ ಯಾರು ಅಂತ ಲೇಖಕರಿಗೆ ಗೊತ್ತಾಗಿಬಿಡುತ್ತೆ. ಎಡಿಟರ್‌ಗಳೂ ಇದನ್ನು ಗಮನಿಸುತ್ತಾರೆ. ಇನ್ನೊಂದು ಮಾತು: ಗೈಡ್ ಹತ್ತಿರ ರಿಪೋರ್ಟ್ ಬರೆಯೋದು ಹೇಗೆ ಅಂತ ಕೇಳಿದ್ದು ಸರಿ. ಪೇಪರನ್ನೇ ತೋರಿಸಬೇಕು ಅಂದ್ರೆ ಮೊದಲು ಎಡಿಟರ್ ಒಪ್ಪಿಗೆ ಬೇಕು.

ಸಬ್‌ಮಿಟ್ ಮಾಡೋ ಪುಟದಲ್ಲಿ ಸಾಮಾನ್ಯವಾಗಿ ಎರಡು ಪೆಟ್ಟಿಗೆ ಇರುತ್ತವೆ, ಲೇಖಕರಿಗೆ ಒಂದು, ಎಡಿಟರ್‌ಗೆ ಮಾತ್ರ ಒಂದು. ಒಪ್ಪಬಹುದು, ತಿರಸ್ಕರಿಸಬಹುದು ಅನ್ನೋ ಶಿಫಾರಸು ಎಡಿಟರ್ ಪೆಟ್ಟಿಗೆಗೆ, ಅಥವಾ ಅದಕ್ಕೆಂದೇ ಇರೋ ಆಯ್ಕೆಗೆ. ಲೇಖಕರ ಪೆಟ್ಟಿಗೆಯಲ್ಲಿ "ಇದನ್ನು ಪ್ರಕಟಿಸಬಹುದು" ಅಂತ ಬರೆದು, ಇನ್ನೊಬ್ಬ ರಿವ್ಯೂವರ್ ಬೇಡ ಅಂದ್ರೆ ಎಡಿಟರ್ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. ಹಾಗಂತ ಲೇಖಕರಿಗೆ ಸಿಹಿ ಮಾತು ಬರೆದು, ಎಡಿಟರ್‌ಗೆ ಮಾತ್ರ "ಪೇಪರ್ ಕೆಲಸಕ್ಕೆ ಬಾರದು" ಅಂತ ಗುಟ್ಟಾಗಿ ಹೇಳಬೇಡಿ. ಲೇಖಕರಿಗೆ ಯಾಕೆ ಹೋಯ್ತು ಅಂತಲೇ ತಿಳಿಯೋದಿಲ್ಲ. ರಾಗಿ ಪೇಪರಿಗೆ ನಾನು ಎಡಿಟರ್‌ಗೆ ಬರೆಯೋದು ಎರಡೇ ವಿಷಯ. ಮೂರೂ ಮೇಜರ್‌ಗಳಿಗೆ ಕೈಯಲ್ಲಿರುವ ಅಂಕಿಗಳಿಂದಲೇ ಉತ್ತರ ಕೊಡಬಹುದು, ಆದ್ದರಿಂದ ಮೇಜರ್ ರಿವಿಷನ್. ಕಾಳಿನಲ್ಲಿರುವ ಸತುವನ್ನು ಅಳೆದ ಲ್ಯಾಬ್ ವಿಧಾನ ನನ್ನ ಕ್ಷೇತ್ರವಲ್ಲ, ಆ ಭಾಗವನ್ನು ತಿಳಿದವರು ನೋಡಲಿ. ಎರಡನೆಯದನ್ನು ಬರೆಯೋಕೆ ನಾಚಿಕೆ ಬೇಡ. ಅದು ಇಲ್ಲದಿದ್ದರೆ ನೀವು ಎಲ್ಲವನ್ನೂ ಪರೀಕ್ಷಿಸಿದ್ದೀರಿ ಅಂತ ಎಡಿಟರ್ ಅಂದುಕೊಳ್ಳುತ್ತಾರೆ.

ಬರೆದ ಮೇಲೆ ಒಂದು ರಾತ್ರಿ ಬಿಡಿ. ಮರುದಿನ ಲೇಖಕರ ಜಾಗದಲ್ಲಿ ಕೂತು ಬರೀ ಮೇಜರ್‌ಗಳನ್ನು ಓದಿ, ಪ್ರತಿಯೊಂದಕ್ಕೂ ನಾಳೆ ಬೆಳಿಗ್ಗೆ ಯಾವ ಕೆಲಸ ಶುರು ಮಾಡಬೇಕು ಅಂತ ತಿಳಿಯುತ್ತಾ ನೋಡಿ. ತಿಳಿಯದಿದ್ದರೆ ಆ ನಾಲ್ಕನೇ ಕೆಲಸ ಬಿಟ್ಟುಹೋಗಿದೆ.

ಕಳಿಸಿದ ಮೇಲೆ ಚೀಟಿಯನ್ನು ಎಸೆಯಬೇಡಿ. ತಿದ್ದಿದ ಪೇಪರ್ ಎರಡು ಮೂರು ತಿಂಗಳಾದ ಮೇಲೆ ನಿಮ್ಮ ಹತ್ತಿರವೇ ವಾಪಸ್ ಬರುತ್ತೆ, ಅಷ್ಟರಲ್ಲಿ ಎಲ್ಲಾ ಮರೆತುಹೋಗಿರುತ್ತೆ. ಲೇಖಕರ ಉತ್ತರ ಪತ್ರದಲ್ಲಿ "ಸರಿಪಡಿಸಿದ್ದೇವೆ, ಧನ್ಯವಾದ" ಅಂತ ಇದ್ದೇ ಇರುತ್ತೆ. ಅದನ್ನು ಓದಿ ಮುಂದೆ ಹೋಗಬೇಡಿ. ನೇರವಾಗಿ ಪುಟ 8 ತೆರೆದು, F ಪಕ್ಕದ ಆವರಣದಲ್ಲಿ 56 ಹೋಗಿ 6 ಬಂದಿದೆಯಾ ನೋಡಿ.